ಪಾಳಿ ಬದಲಿಸುವ ಹಕ್ಕು ಎಲ್ಲಿಯವರೆಗೆ? ಗಿರಣಿಗಳ ಮುಂಬೈಯಿಂದ ಇಂದಿನ ಭೋಸರಿಯವರೆಗೆ

2025ರ ಆರಂಭದ ಒಂದು ಭಾನುವಾರ ರಾತ್ರಿ ಒಂಬತ್ತರ ಸುಮಾರಿಗೆ, ಪುಣೆಯ ಭೋಸರಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಟೈಮ್ ಆಫೀಸಿನಿಂದ ಕಾರ್ಮಿಕರ ವಾಟ್ಸಾಪ್ ಗುಂಪಿಗೆ ಮರಾಠಿಯಲ್ಲಿ ಮೂರು ಸಾಲಿನ ಸಂದೇಶ ಬಂತು. ನಾಳೆಯಿಂದ ಮಷಿನ್ ಶಾಪಿನಲ್ಲಿ ಎರಡರ ಬದಲು ಮೂರು ಪಾಳಿ ನಡೆಯುತ್ತವೆ ಎಂದು ಮೊದಲ ಸಾಲು ಹೇಳಿತ್ತು. ಎರಡನೆಯ ಸಾಲಿನಲ್ಲಿ ಯಾರು ಯಾವ ಪಾಳಿಗೆ ಎಂಬ ಪಟ್ಟಿಯಿತ್ತು. ಇನ್ನು ಮುಂದೆ ವಾರದ ರಜೆ ಎಲ್ಲರಿಗೂ ಭಾನುವಾರವೇ ಇರುವುದಿಲ್ಲ, ತಂಡಕ್ಕೊಂದು ದಿನದಂತೆ ಹಂಚಲಾಗುತ್ತದೆ ಎಂಬುದು ಮೂರನೆಯ ಸಾಲು. ಆ ಗುಂಪಿನಲ್ಲಿದ್ದ ಕಲಬುರಗಿ ಕಡೆಯ ನನ್ನ ಪರಿಚಿತರೊಬ್ಬರು ಮರುದಿನ ಬೆಳಗಿನ ಮೊದಲ ಪಾಳಿಗೆಂದು ಅಂಗಿ ಇಸ್ತ್ರಿ ಮಾಡಿಟ್ಟಿದ್ದರು. ಪಟ್ಟಿಯಲ್ಲಿ ಅವರ ಹೆಸರು ಎರಡನೆಯ ಪಾಳಿಯಲ್ಲಿತ್ತು, ಮುಂದಿನ ವಾರ ರಾತ್ರಿ ಪಾಳಿಯಲ್ಲಿತ್ತು, ರಜೆ ಬುಧವಾರಕ್ಕೆ ಹೋಗಿತ್ತು. ಹೆಂಡತಿ ಬೆಳಗ್ಗೆ ಎರಡು ಮನೆಗಳಲ್ಲಿ ಅಡುಗೆ ಕೆಲಸಕ್ಕೆ ಹೋಗುವವರು. ಮಗುವನ್ನು ಯಾರು ಯಾವಾಗ ನೋಡಿಕೊಳ್ಳಬೇಕು ಎಂಬ ಮನೆಯ ಲೆಕ್ಕವೆಲ್ಲ ಒಂದು ಸಂದೇಶಕ್ಕೆ ತಲೆಕೆಳಗಾಯಿತು.

ಅವರು ನನ್ನನ್ನು ಕೇಳಿದ ಪ್ರಶ್ನೆ ನೇರವಾಗಿತ್ತು: “ಹೀಗೆ ಮಾಡೋಕೆ ಅವರಿಗೆ ಹಕ್ಕಿದೆಯಾ ಸರ್?” ಉತ್ತರ ಮಾತ್ರ ಅಷ್ಟು ನೇರವಾಗಿಲ್ಲ. ಮೂರು ಸಾಲಿಗೂ ಕಾನೂನಿನಲ್ಲಿ ಮೂರು ಬೇರೆ ಬೇರೆ ಉತ್ತರಗಳಿವೆ, ಮತ್ತು ಅವರಿಗೆ ಅತಿ ಹೆಚ್ಚು ನೋವಾದ ಸಾಲೇ ಕಾನೂನಿನ ದೃಷ್ಟಿಯಲ್ಲಿ ಅತಿ ದೊಡ್ಡ ತಪ್ಪು ಎಂದೇನಿಲ್ಲ. ಅದು ಯಾಕೆ ಹಾಗೆ ಎಂದು ತಿಳಿಯಬೇಕಾದರೆ ಮುಂಬೈಯ ಗಿರಣಿಗಳ ಕಾಲಕ್ಕೆ ಹೋಗಬೇಕು.

ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಆರಂಭದ ದಶಕಗಳಲ್ಲಿ ಕೆಲಸದ ವೇಳೆಯನ್ನು ನಿರ್ಧರಿಸುತ್ತಿದ್ದುದು ಬಹುಮಟ್ಟಿಗೆ ಹಗಲಿನ ಬೆಳಕು ಮತ್ತು ಮಾಲೀಕನ ಇಷ್ಟ. ಭಾನುವಾರದ ರಜೆ ಕೂಡ ತಾನಾಗಿ ಬಂದದ್ದಲ್ಲ; ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದ ಹೋರಾಟದ ನಂತರ 1890ರಲ್ಲಿ ಗಿರಣಿ ಮಾಲೀಕರು ಅದಕ್ಕೆ ಒಪ್ಪಿದರು. ವಿದ್ಯುತ್ ದೀಪ ಬಂದ ಮೇಲೆ ಯಂತ್ರ ರಾತ್ರಿಯೂ ಓಡಬಹುದು ಎಂಬುದು ಗೊತ್ತಾಯಿತು, ಕೆಲಸದ ದಿನ ಇನ್ನಷ್ಟು ಉದ್ದವಾಯಿತು. ಕಾರ್ಖಾನೆ ಕಾಯ್ದೆಗಳು ಒಂದೊಂದಾಗಿ ದಿನದ ಗಂಟೆಗಳಿಗೆ ಮಿತಿ ಹಾಕುತ್ತ ಬಂದವಾದರೂ, ಆ ಗಂಟೆಗಳು ದಿನದ ಯಾವ ಹೊತ್ತಿನಲ್ಲಿ ಬೀಳಬೇಕು, ಅದನ್ನು ಎಷ್ಟು ಮುಂಚೆ ತಿಳಿಸಬೇಕು ಎಂಬುದು ಬಹುಕಾಲ ಮಾಲೀಕನ ಕೈಯಲ್ಲೇ ಉಳಿಯಿತು.

ಅದು ಬಹಿರಂಗ ಜಗಳವಾದದ್ದು 1928ರಲ್ಲಿ. ಆ ವರ್ಷ ಮುಂಬೈಯ ಗಿರಣಿಗಳು ತಿಂಗಳುಗಟ್ಟಲೆ ಮುಷ್ಕರದಲ್ಲಿ ನಿಂತಾಗ ಸಂಬಳದ ಜೊತೆಗೆ ಚರ್ಚೆಗೆ ಬಂದ ಒಂದು ಮುಖ್ಯ ವಿಷಯವೆಂದರೆ ಮಾಲೀಕರು ಜಾರಿಗೆ ತರಲು ಹೊರಟಿದ್ದ ‘ಸ್ಥಾಯಿ ಆದೇಶಗಳು’, ಅಂದರೆ ಗಿರಣಿಯೊಳಗಿನ ಸೇವಾ ನಿಯಮಗಳು. ಮುಷ್ಕರದ ನಂತರ ನೇಮಕವಾದ ಫಾಸೆಟ್ ಸಮಿತಿ ಅವುಗಳನ್ನು ಪರಿಶೀಲಿಸಿತು. ಮಾಲೀಕ ತನ್ನಷ್ಟಕ್ಕೆ ಬರೆದು ಗೋಡೆಗೆ ತೂಗುಹಾಕುವ ನಿಯಮಕ್ಕೂ ಕಾರ್ಮಿಕರ ಮಾತನ್ನು ಕೇಳಿ ಸರ್ಕಾರಿ ಅಧಿಕಾರಿ ಒಪ್ಪಿಗೆ ಹಾಕಿದ ನಿಯಮಕ್ಕೂ ಇರುವ ವ್ಯತ್ಯಾಸ ಕಾನೂನಿನ ಮಾತಾಗಿ ಬೆಳೆದದ್ದು ಅಲ್ಲಿಂದ ಮುಂದೆ. 1938ರ ಬಾಂಬೆ ಕೈಗಾರಿಕಾ ವಿವಾದ ಕಾಯ್ದೆ, ಅದರ ಜಾಗಕ್ಕೆ ಬಂದ 1946ರ ಬಾಂಬೆ ಕೈಗಾರಿಕಾ ಸಂಬಂಧ ಕಾಯ್ದೆ ಇವೆರಡರಲ್ಲೂ ಈ ವಿಚಾರವಿದೆ. ಅದೇ 1946ರಲ್ಲಿ ಕೇಂದ್ರದ ಸ್ಥಾಯಿ ಆದೇಶ ಕಾಯ್ದೆ ಬಂತು. ಪ್ರಮಾಣೀಕೃತ ಸ್ಥಾಯಿ ಆದೇಶದಲ್ಲಿ ಇರಲೇಬೇಕಾದ ವಿಷಯಗಳ ಪಟ್ಟಿಯಲ್ಲಿ ಪಾಳಿಯ ಕೆಲಸವೂ ಸೇರಿತು.

ನಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಮಾತು ಮಾತ್ರ ಹತ್ತು ವರ್ಷ ತಡವಾಗಿ ಬಂತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1956ರ ತಿದ್ದುಪಡಿಯ ಮೂಲಕ ಕಲಂ 9ಎ ಸೇರಿಸಲಾಯಿತು. ನಾಲ್ಕನೇ ಅನುಸೂಚಿಯಲ್ಲಿ ಹೇಳಿದ ಯಾವುದೇ ಸೇವಾ ಷರತ್ತನ್ನು ಬದಲಿಸಬೇಕಾದರೆ, ಬಾಧಿತರಾಗುವ ಕಾರ್ಮಿಕರಿಗೆ ನಿಗದಿತ ನಮೂನೆಯಲ್ಲಿ ನೋಟಿಸ್ ಕೊಡಬೇಕು, ಕೊಟ್ಟ ಮೇಲೆ 21 ದಿನ ಕಾಯಬೇಕು ಎಂದು ಅದು ಹೇಳಿತು. ಅನುಸೂಚಿಯ ನಾಲ್ಕನೆಯ ಬಾಬ್ತು ಕೆಲಸದ ಗಂಟೆ ಮತ್ತು ವಿರಾಮ, ಐದನೆಯದು ರಜೆ, ಎಂಟನೆಯದು ರೂಢಿಯ ಸೌಲಭ್ಯ ಹಿಂತೆಗೆಯುವುದು ಅಥವಾ ರೂಢಿಯನ್ನೇ ಬದಲಿಸುವುದು. ಆರನೆಯದು ಪಾಳಿ. ಆದರೆ ಆರನೆಯದರಲ್ಲಿ ಒಂದು ಬಾಲವಿದೆ: ‘ಸ್ಥಾಯಿ ಆದೇಶಗಳಿಗೆ ಅನುಸಾರವಾಗಿ ಅಲ್ಲದೆ’ ಪಾಳಿಯನ್ನು ಆರಂಭಿಸುವುದು, ಬದಲಿಸುವುದು ಅಥವಾ ನಿಲ್ಲಿಸುವುದು. ಮಾಲೀಕನ ಹಕ್ಕಿನ ಗಡಿಯನ್ನು ಈ ಬಾಲವೇ ಎಳೆಯುತ್ತದೆ. ಸ್ಥಾಯಿ ಆದೇಶ ಮೊದಲೇ ಅನುಮತಿಸಿದ ಬದಲಾವಣೆಗೆ 21 ದಿನದ ನೋಟಿಸ್ ಬೇಕಿಲ್ಲ, ಅದರಾಚೆಯದಕ್ಕೆ ಬೇಕು.

ಹಾಗಾದರೆ ಸ್ಥಾಯಿ ಆದೇಶ ಏನು ಅನುಮತಿಸುತ್ತದೆ? ಕೇಂದ್ರ ಸರ್ಕಾರದ ಮಾದರಿ ಸ್ಥಾಯಿ ಆದೇಶವನ್ನು ಓದಿದರೆ ಮಾಲೀಕನ ಪಾಲು ಸಣ್ಣದಲ್ಲ. ಯಾವುದೇ ವಿಭಾಗದಲ್ಲಿ ಒಂದಕ್ಕಿಂತ ಹೆಚ್ಚು ಪಾಳಿ ನಡೆಸುವುದು ಮಾಲೀಕನ ವಿವೇಚನೆಗೆ ಬಿಟ್ಟದ್ದು. ಹಾಗೆ ನಡೆಸಿದಾಗ ಕಾರ್ಮಿಕನನ್ನು ಒಂದು ಪಾಳಿಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು. ಆದರೆ ನಡೆಯುತ್ತಿರುವ ಪಾಳಿಯನ್ನು ನಿಲ್ಲಿಸುವುದಾದರೆ, ಬಾಧಿತ ಕಾರ್ಮಿಕರೊಂದಿಗೆ ಒಪ್ಪಂದವಾಗಿರದಿದ್ದರೆ, ಎರಡು ತಿಂಗಳ ಲಿಖಿತ ನೋಟಿಸ್ ಕೊಡಬೇಕು. ಪಾಳಿ ಶುರು ಮಾಡುವುದು ಸುಲಭ, ನಿಲ್ಲಿಸುವುದು ಕಷ್ಟ: ಪಾಳಿ ನಿಂತರೆ ಕೆಲಸವೇ ಹೋಗುತ್ತದೆ ಎಂಬ ಭಯದ ಕಾಲದಲ್ಲಿ ಬರೆದ ನಿಯಮವಿದು ಎಂಬುದು ಇದರಿಂದಲೇ ಕಾಣುತ್ತದೆ. ಮಹಾರಾಷ್ಟ್ರಕ್ಕೆ ತನ್ನದೇ ಮಾದರಿ ನಿಯಮಗಳಿವೆ, ಕಾರ್ಖಾನೆಗಳು ಅದಕ್ಕೂ ತಿದ್ದುಪಡಿ ಪಡೆದಿರುತ್ತವೆ. ಆದ್ದರಿಂದ ತಮ್ಮ ಕಾರ್ಖಾನೆಯ ಪ್ರಮಾಣೀಕೃತ ಪ್ರತಿಯನ್ನು ಓದದೆ ಯಾರೂ ಖಚಿತವಾಗಿ ಮಾತಾಡುವಂತಿಲ್ಲ. ಅದನ್ನು ಇಂಗ್ಲಿಷಿನಲ್ಲೂ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಅಂಟಿಸಿರಬೇಕು ಎಂದು ಕಾಯ್ದೆ ಹೇಳುತ್ತಿತ್ತು. ಭೋಸರಿಯಲ್ಲಿ ಆ ಭಾಷೆ ಮರಾಠಿ. ‘ಪಾಳಿ’ ಎಂಬ ಮಾತು ಮರಾಠಿಗೂ ಕನ್ನಡಕ್ಕೂ ಒಂದೇ ಆದ್ದರಿಂದ ನನ್ನ ಪರಿಚಿತರಿಗೆ ಬೇಕಾದ ಪುಟ ಹುಡುಕಲು ಕಷ್ಟವಾಗಲಿಲ್ಲ. ಗೇಟಿನ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ಆ ಪುಟದ ಮೇಲೆ ಬಸ್ಸಿನ ವೇಳಾಪಟ್ಟಿ ಅಂಟಿಸಿದ್ದರು ಅಷ್ಟೆ.

ಬಸ್ಸಿನ ಪಟ್ಟಿ ಸರಿಸಿ ಓದಿದಾಗ, ಪಾಳಿಯ ಕುರಿತ ಆ ಕಾರ್ಖಾನೆಯ ಮಾತು ಕೇಂದ್ರದ ಮಾದರಿಯಂತೆಯೇ ಇತ್ತು. ಈಗ ಮೂರು ಸಾಲುಗಳನ್ನು ಒಂದೊಂದಾಗಿ ನೋಡಬಹುದು. ಅವರನ್ನು ಮೊದಲ ಪಾಳಿಯಿಂದ ಎರಡನೆಯದಕ್ಕೆ ಹಾಕಿದ್ದು ಸ್ಥಾಯಿ ಆದೇಶದ ಒಳಗಿನದು. ಹಿಂದಿನ ರಾತ್ರಿ ತಿಳಿಸುವುದು ಅಮಾನವೀಯ ಎಂದು ನನಗನ್ನಿಸುತ್ತದೆ, ಆದರೆ ಕಲಂ 9ಎ ಅದನ್ನು ತಡೆಯುತ್ತಿರಲಿಲ್ಲ. ಮೂರನೆಯ ಪಾಳಿ ಆರಂಭಿಸಿದ್ದು, ಮನೆಯನ್ನು ಅತಿ ಹೆಚ್ಚು ಅಲ್ಲಾಡಿಸಿದ ಆ ರಾತ್ರಿ ಪಾಳಿ, ‘ಮಾಲೀಕನ ವಿವೇಚನೆ’ ಎಂಬ ಎರಡು ಪದಗಳ ಆಸರೆಯಲ್ಲಿ ಬಹುಶಃ ನಿಂತುಬಿಡುತ್ತದೆ. ಎರಡು ಪಾಳಿಯ ರೂಢಿ ಬದಲಾಯಿತು ಎಂದು ಎಂಟನೆಯ ಬಾಬ್ತು ಹಿಡಿದು ವಾದಿಸಬಹುದಾದರೂ ಅದು ದುರ್ಬಲ ವಾದ. ಇಲ್ಲೂ ಒಂದು ತೊಡಕಿದೆ. ಆಗ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ ಕಲಂ 61ರಂತೆ ಕೆಲಸದ ಅವಧಿಗಳ ಫಲಕ ಹಾಕಿರಬೇಕಿತ್ತು, ಅದನ್ನು ಬದಲಿಸಬೇಕಾಗುವ ಯಾವುದೇ ಏರ್ಪಾಡನ್ನು ಜಾರಿಗೆ ತರುವ ಮೊದಲೇ ಕಾರ್ಖಾನೆ ಇನ್‌ಸ್ಪೆಕ್ಟರಿಗೆ ತಿಳಿಸಬೇಕಿತ್ತು. ಸೋಮವಾರ ಬೆಳಗ್ಗೆಯೂ ಫಲಕದಲ್ಲಿ ಎರಡೇ ಪಾಳಿಯ ವೇಳೆ ಇತ್ತು. ಆದರೆ ಆ ತಪ್ಪಿಗೆ ಉತ್ತರ ಕೊಡಬೇಕಾದದ್ದು ಇನ್‌ಸ್ಪೆಕ್ಟರಿಗೆ. ಅದರಿಂದ ಕಾರ್ಮಿಕನಿಗೆ 21 ದಿನ ಸಿಗುತ್ತಿರಲಿಲ್ಲ.

ಸಣ್ಣದೆಂದು ಕಂಡ ಮೂರನೆಯ ಸಾಲೇ ಗಟ್ಟಿಯಾದದ್ದು. ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪನಿಯ ಕಲ್ಲಿದ್ದಲು ಗಣಿಗಳಲ್ಲಿ ವಾರದ ರಜೆಯನ್ನು ಭಾನುವಾರದಿಂದ ಬೇರೆ ದಿನಕ್ಕೆ ಬದಲಿಸಿದ ಪ್ರಕರಣದಲ್ಲಿ 1972ರಲ್ಲೇ ಸರ್ವೋಚ್ಚ ನ್ಯಾಯಾಲಯ, ಇಂಥ ಬದಲಾವಣೆಗೆ ಕಲಂ 9ಎ ನೋಟಿಸ್ ಬೇಕೇ ಬೇಕು ಎಂದಿತು. ಪ್ರಸ್ತಾವಿತ ಬದಲಾವಣೆಯ ಪರಿಣಾಮವನ್ನು ಯೋಚಿಸಿ ತಮ್ಮ ಮಾತನ್ನು ಮುಂದಿಡಲು ಕಾರ್ಮಿಕರಿಗೆ ಅವಕಾಶ ಕೊಡುವುದೇ ಈ ಕಲಮಿನ ಉದ್ದೇಶ ಎಂದೂ ಹೇಳಿತು. ವಾರಕ್ಕೊಂದು ದಿನ ರಜೆ ಸಿಗುತ್ತಿದೆಯಲ್ಲ, ನಷ್ಟವೇನು ಎಂಬ ಪ್ರಶ್ನೆ ಆಡಳಿತ ವರ್ಗದ ಬಾಯಲ್ಲಿ ಇಂದಿಗೂ ಬರುತ್ತದೆ. ಮಗುವಿನ ಶಾಲೆಗೆ ರಜೆಯಿರುವುದು, ಊರಿನವರ ಮದುವೆ, ಪುಣೆಯ ಕನ್ನಡ ಸಂಘದ ಕಾರ್ಯಕ್ರಮ ಎಲ್ಲ ಬೀಳುವುದು ಭಾನುವಾರ. ಬುಧವಾರದ ರಜೆ ಒಬ್ಬನೇ ಕೂತು ಕಳೆಯುವ ರಜೆ.

ಅವರ ಕಾರ್ಖಾನೆಯಲ್ಲಿ ಯೂನಿಯನ್ ಇರಲಿಲ್ಲ. ಹದಿನಾರು ಜನ ಸಹಿ ಮಾಡಿದ ಒಂದು ಪುಟದ ಪತ್ರದಲ್ಲಿ ರಾತ್ರಿ ಪಾಳಿಯ ಮಾತೇ ಎತ್ತದೆ, ರಜೆಯ ದಿನ ಬದಲಿಸಲು ನೋಟಿಸ್ ಕೊಟ್ಟಿಲ್ಲ ಎಂದಷ್ಟೇ ಬರೆದು, ಒಂದು ಪ್ರತಿಯನ್ನು ಕಾರ್ಮಿಕ ಇಲಾಖೆಯ ಕಚೇರಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡರು. ಮೂರನೆಯ ವಾರಕ್ಕೆ ಭಾನುವಾರ ಮರಳಿತು. ರಾತ್ರಿ ಪಾಳಿ ಉಳಿಯಿತು. ಇಷ್ಟು ಸಿಕ್ಕಿದ್ದು ಕೂಡ ಶಾಶ್ವತವಲ್ಲ ಎಂಬುದನ್ನು ಹೇಳಬೇಕು: ಕಲಂ 9ಎ ಕೇಳುತ್ತಿದ್ದುದು ನೋಟಿಸನ್ನು, ಒಪ್ಪಿಗೆಯನ್ನಲ್ಲ. ಕ್ರಮವಾಗಿ ನೋಟಿಸ್ ಕೊಟ್ಟು 21 ದಿನ ಕಾದರೆ ಮಾಲೀಕ ರಜೆಯ ದಿನವನ್ನು ಬದಲಿಸಬಹುದಿತ್ತು. ಆ ಅವಧಿಯೊಳಗೆ ವಿವಾದ ಎದ್ದು ರಾಜಿ ಸಂಧಾನ ಶುರುವಾದರೆ ಮಾತ್ರ, ಅದು ಮುಗಿಯುವವರೆಗೆ ಅದೇ ವಿಷಯದಲ್ಲಿ ಕಾರ್ಮಿಕರಿಗೆ ಪ್ರತಿಕೂಲವಾಗಿ ಏನನ್ನೂ ಬದಲಿಸದಂತೆ ಅದೇ ಕಾಯ್ದೆಯ ಕಲಂ 33 ಕೈಕಟ್ಟುತ್ತಿತ್ತು. 21 ದಿನಗಳ ನಿಜವಾದ ಬೆಲೆ ಇರುವುದು ಅಲ್ಲಿ.

ಇದೇ ಸಂದೇಶ ಇಂದು ಬಂದಿದ್ದರೆ? 2025ರ ನವೆಂಬರ್ 21ರಿಂದ ಕೈಗಾರಿಕಾ ವಿವಾದಗಳ ಕಾಯ್ದೆ ಮತ್ತು ಸ್ಥಾಯಿ ಆದೇಶ ಕಾಯ್ದೆಗಳ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. 21 ದಿನದ ನೋಟಿಸ್ ಅದರ ಕಲಂ 40ರಲ್ಲಿ ಉಳಿದಿದೆ, ಪಾಳಿಯ ಬಾಬ್ತು ಅದೇ ಬಾಲದೊಂದಿಗೆ ಮೂರನೇ ಅನುಸೂಚಿಯಲ್ಲಿದೆ. ಆದರೆ ಹಳೆಯ ಕಾಯ್ದೆಯಲ್ಲಿ ಇಲ್ಲದ ಒಂದು ವಿನಾಯಿತಿ ಸೇರಿದೆ: ತುರ್ತು ಸ್ವರೂಪದ ಸಂದರ್ಭದಲ್ಲಿ ಪಾಳಿಯನ್ನು ಸ್ಥಾಯಿ ಆದೇಶಕ್ಕೆ ಅನುಸಾರವಾಗಿ ಅಲ್ಲದೆಯೂ ಬದಲಿಸಬೇಕಾದರೆ, ಕುಂದುಕೊರತೆ ನಿವಾರಣಾ ಸಮಿತಿಯೊಂದಿಗೆ ಸಮಾಲೋಚಿಸಿ, ನೋಟಿಸ್ ಇಲ್ಲದೆಯೇ ಬದಲಿಸಬಹುದು. ತುರ್ತು ಎಂದರೆ ಏನೆಂದು ಆ ಕಲಂ ಬಿಡಿಸಿ ಹೇಳುವುದಿಲ್ಲ. ಗ್ರಾಹಕ ಕಂಪನಿಯಿಂದ ದೊಡ್ಡ ಆರ್ಡರು ಬಂತೆಂಬುದೂ ತುರ್ತೇ ಎಂದು ಕಾರ್ಖಾನೆಗಳು ವಾದಿಸುವುದರಲ್ಲಿ ನನಗೆ ಸಂಶಯವಿಲ್ಲ. ಜೊತೆಗೆ ಸ್ಥಾಯಿ ಆದೇಶ ಕಡ್ಡಾಯವಾಗುವ ಮಿತಿ 300 ಕಾರ್ಮಿಕರಿಗೆ ಏರಿದೆ. ಅದಕ್ಕಿಂತ ಸಣ್ಣ ಕಾರ್ಖಾನೆಯಲ್ಲಿ ಸ್ಥಾಯಿ ಆದೇಶವೇ ಇಲ್ಲದಿದ್ದರೆ, ‘ಸ್ಥಾಯಿ ಆದೇಶದಂತೆ ಬದಲಿಸಿದೆ’ ಎಂಬ ಆಸರೆಯೂ ಮಾಲೀಕನಿಗೆ ಇರುವುದಿಲ್ಲ, ಪ್ರತಿ ಬದಲಾವಣೆಗೂ ನೋಟಿಸ್ ಬೇಕಾಗುತ್ತದೆ ಎಂಬುದು ನನ್ನ ಓದು. ನ್ಯಾಯಾಲಯಗಳು ಹಾಗೆ ಓದುತ್ತವೆಯೋ ನೋಡಬೇಕು.

ಈ ವಿನಾಯಿತಿಗೂ ಅಂಚಿದೆ. ಅದು ಪಾಳಿಯ ಬದಲಾವಣೆಗೆ ಮಾತ್ರ, ರಜೆಯ ದಿನಕ್ಕೆ ಅಲ್ಲ. ಅನುಸೂಚಿಯಲ್ಲಿ ಅವೆರಡೂ ಬೇರೆ ಬಾಬ್ತುಗಳು. ಸಮಾಲೋಚನೆ ಎಂದರೆ ಒಪ್ಪಿಗೆಯಲ್ಲದಿದ್ದರೂ, ಬದಲಾವಣೆಗೆ ಮುಂಚೆ ನಡೆದಿರಬೇಕು. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಆ ಸಮಿತಿ ಇರಲೇಬೇಕು, ಅದರಲ್ಲಿ ಮಾಲೀಕರ ಕಡೆಯವರಷ್ಟೇ ಕಾರ್ಮಿಕರ ಕಡೆಯವರೂ ಇರಬೇಕು. ಭಾನುವಾರ ರಾತ್ರಿ ಒಂಬತ್ತಕ್ಕೆ ಸಂದೇಶ ಕಳಿಸಿದ ಕಾರ್ಖಾನೆಯನ್ನು ಮೊದಲು ಕೇಳಬೇಕಾದದ್ದು, ಆ ಸಮಿತಿ ಯಾವ ದಿನ, ಎಷ್ಟು ಗಂಟೆಗೆ ಕೂತಿತ್ತು, ನಡಾವಳಿ ಪುಸ್ತಕದಲ್ಲಿ ಯಾರ ಸಹಿಗಳಿವೆ ಎಂದು.