ಬೀಜ-ಗೊಬ್ಬರದಂಗಡಿಯ ನೋಟಿಸಿನಲ್ಲಿ ಆ ಸಾಲುಗಳು ಯಾಕಿವೆ?

ಬಿತ್ತನೆ ಕಾಲ ಹತ್ತಿರ ಬಂತೆಂದರೆ ಬೀಜ-ಗೊಬ್ಬರದ ಅಂಗಡಿಯವರು ಒಂದು ನೋಟಿಸ್ ಹಾಕುತ್ತಾರೆ. ಯಾವ ಬೀಜ ಬಂದಿದೆ, ಯಾವ ಗೊಬ್ಬರ ಎಷ್ಟು ದಾಸ್ತಾನಿದೆ, ಹೇಗೆ ಬಳಸಬೇಕು, ಉದ್ರಿ ತೆಗೆದುಕೊಂಡರೆ ಯಾವಾಗ ತೀರಿಸಬೇಕು. ಓದುವವರ ಕಣ್ಣು ಮೊದಲು ಹೋಗುವುದು ದಾಸ್ತಾನಿನ ಮೇಲೆ, ಆಮೇಲೆ ಉದ್ರಿಯ ಮೇಲೆ. ನಡುವಿನ ಸಾಲುಗಳು ಸುಮ್ನೆ ಜಾಗ ತುಂಬಲು ಇವೆ ಅನ್ನಿಸುತ್ತದೆ, ಅಲ್ವಾ? ಆದರೆ ‘ಮೊಳಕೆ ಪ್ರಮಾಣ ಇಷ್ಟು’, ‘ಬಣ್ಣದ ಬೀಜ ತಿನ್ನಬೇಡಿ’ ಅನ್ನುವ ಸಾಲುಗಳು ಮೋಸ ಮತ್ತು ಸಾವು ಕಂಡ ಮೇಲೆ ಬಂದವು.

ಬೀಜದ ಕಷ್ಟ ಏನೆಂದರೆ, ಸತ್ತ ಕಾಳು ಮತ್ತು ಜೀವ ಇರುವ ಕಾಳು ಕಣ್ಣಿಗೆ ಒಂದೇ ಥರ ಕಾಣುತ್ತವೆ. 19ನೇ ಶತಮಾನದ ಇಂಗ್ಲೆಂಡಿನ ಕೆಲವು ವ್ಯಾಪಾರಿಗಳು ಇದನ್ನು ಚೆನ್ನಾಗಿ ಬಳಸಿಕೊಂಡರು. ಬೆಲೆಯ ಬೀಜಕ್ಕೆ ಅದರಂತೆಯೇ ಕಾಣುವ ಅಗ್ಗದ ಬೀಜ ಬೆರೆಸುತ್ತಿದ್ದರು. ಅಗ್ಗದ್ದು ಹೊಲದಲ್ಲಿ ಹುಟ್ಟಿದರೆ ಸಿಕ್ಕಿಬೀಳುತ್ತಾರಲ್ಲ, ಅದಕ್ಕೆ ಅದನ್ನು ಮೊದಲೇ ಸಾಯಿಸಿಬಿಡುತ್ತಿದ್ದರು. ಹಳೆಯ ಬೀಜಕ್ಕೆ ಬಣ್ಣ ಹಾಕಿ ಹೊಸದರಂತೆ ಮಾಡುವುದೂ ಇತ್ತು. 1869ರಲ್ಲಿ ಅಲ್ಲಿನ ಸಂಸತ್ತು ಇದನ್ನೆಲ್ಲ ತಡೆಯಲು ಕಾನೂನು ತಂದಿತು. ಬೀಜ ಸಾಯಿಸುವುದು, ಬೀಜಕ್ಕೆ ಬಣ್ಣ ಹಾಕುವುದು ಎರಡೂ ಅದರಲ್ಲಿ ಹೆಸರಿಟ್ಟ ಅಪರಾಧಗಳು.

ಅದೇ ವರ್ಷ ಜರ್ಮನಿಯ ಥರಾಂಟ್‌ನಲ್ಲಿ ಫ್ರೀಡ್ರಿಕ್ ನೋಬೆ ಎಂಬ ಪ್ರಾಧ್ಯಾಪಕರು ಬೀಜ ಪರೀಕ್ಷೆಯ ಮೊದಲ ಕೇಂದ್ರ ತೆರೆದರು. ಕಾಳು ಎಣಿಸಿ ಒದ್ದೆಯಲ್ಲಿಟ್ಟು, ಎಷ್ಟು ಮೊಳೆತವು ಎಂದು ಲೆಕ್ಕ ಹಾಕುವುದು ಅಲ್ಲಿನ ಕೆಲಸ. ಇವತ್ತು ಚೀಲದ ಮೇಲೆ ಕಾಣುವ ಮೊಳಕೆ ಪ್ರಮಾಣ ಇದೇ ಲೆಕ್ಕದ ಮುಂದುವರಿಕೆ. ಪಕ್ಕದಲ್ಲಿ ಪರೀಕ್ಷೆಯ ದಿನಾಂಕ ಇಲ್ಲದಿದ್ದರೆ ಆ ಸಂಖ್ಯೆಗೆ ಜಾಸ್ತಿ ಬೆಲೆ ಇಲ್ಲ. ಸೆಕೆ ಮತ್ತು ತೇವ ಎರಡೂ ಸೇರಿದ ಗೋದಾಮಿನಲ್ಲಿ ಒಳ್ಳೆಯ ಬೀಜವೂ ಬೇಗ ಸಾಯುತ್ತದೆ.

ಈ ಪರೀಕ್ಷೆ ಮನೆಯಲ್ಲೂ ಆಗುತ್ತದೆ. ಕೈಗೆ ಬಂದ ಹಾಗೆ 100 ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿಡಿ. ಬಟ್ಟೆ ಒಣಗಲು ಬಿಡಬೇಡಿ. ಹೆಚ್ಚಿನ ಬೆಳೆಗಳಲ್ಲಿ ಸುಮಾರು ಒಂದು ವಾರಕ್ಕೆ ಉತ್ತರ ಸಿಗುತ್ತದೆ. ಚೀಲದಲ್ಲಿ 80 ಅಂತಿದ್ದು ನಿಮಗೆ 76 ಬಂದರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ನೂರೇ ಕಾಳಿನ ಪರೀಕ್ಷೆಯಲ್ಲಿ ಅಷ್ಟು ಆಚೀಚೆ ಆಗುವುದು ಸಹಜ. 65 ಬಂದರೆ ಮಾತ್ರ ಇನ್ನೊಮ್ಮೆ ಇಟ್ಟು ನೋಡಿ, ಮತ್ತೆ ಅಷ್ಟೇ ಬಂದರೆ ಲಾಟ್ ನಂಬರ್ ಇರುವ ಚೀಟಿ ಮತ್ತು ರಸೀದಿ ಹಿಡಿದು ಹೋಗಿ. ಬೇರೆ ಬೀಜ ಸಿಗದೇ ಅದನ್ನೇ ಬಿತ್ತಬೇಕಾದರೆ ಪ್ರಮಾಣ ಏರಿಸಬೇಕು. 80ರ ಲೆಕ್ಕಕ್ಕೆ 8 ಕಿಲೋ ಬೇಕಿದ್ದರೆ, 65ಕ್ಕೆ ಹತ್ತಿರಹತ್ತಿರ 10 ಕಿಲೋ.

ಇನ್ನು ಬಣ್ಣದ ವಿಷಯ. 1869ರಲ್ಲಿ ಬಣ್ಣ ಮೋಸದ ಗುರುತಾಗಿತ್ತು. ಆಮೇಲೆ ಔಷಧಿ ಲೇಪಿಸಿದ ಬೀಜ ಬಂದಾಗ ಅದೇ ಬಣ್ಣ ಎಚ್ಚರಿಕೆಯ ಗುರುತಾಯಿತು. ಕೆಂಪು, ಗುಲಾಬಿ, ನೀಲಿ ಕಂಡರೆ ತಿನ್ನಬಾರದು ಎಂದರ್ಥ. ಆದರೆ ಆ ಅರ್ಥವನ್ನು ಯಾರೂ ಹೇಳಿಕೊಡದಿದ್ದರೆ?

1971ರಲ್ಲಿ ಇರಾಕ್ ಸರ್ಕಾರ ಮೆಕ್ಸಿಕೋದಿಂದ ಬಿತ್ತನೆ ಗೋಧಿ ತರಿಸಿ ರೈತರಿಗೆ ಹಂಚಿತು. ಶಿಲೀಂಧ್ರ ತಗುಲದಿರಲೆಂದು ಅದಕ್ಕೆ ಮೀಥೈಲ್ ಪಾದರಸ ಲೇಪಿಸಿ, ಕೆಂಪು ಬಣ್ಣ ಕೊಟ್ಟಿದ್ದರು. ಚೀಲಗಳ ಮೇಲಿನ ಎಚ್ಚರಿಕೆ ಸ್ಪ್ಯಾನಿಷ್‌ನಲ್ಲಿತ್ತು. ಓದಲು ಬರುವವರಿಗೂ ಅದು ಅರ್ಥವಾಗುವಂತಿರಲಿಲ್ಲ. ಬೀಜ ಬಂದದ್ದೂ ತಡವಾಗಿ, ಹಲವು ಕಡೆ ಅಷ್ಟರಲ್ಲಿ ಬಿತ್ತನೆ ಮುಗಿದಿತ್ತು. ಮನೆಯಲ್ಲಿ ಗೋಧಿ ಚೀಲ ಉಳಿಯಿತು, ಜನ ರೊಟ್ಟಿ ಮಾಡಿ ತಿಂದರು.

ಅವರು ಕಣ್ಣುಮುಚ್ಚಿ ತಿನ್ನಲಿಲ್ಲ ಅನ್ನುವುದನ್ನು ಗಮನಿಸಬೇಕು. ಕೆಲವರು ಮೊದಲು ಕೋಳಿಗಳಿಗೆ ಹಾಕಿ ನೋಡಿದರು. ಕೋಳಿಗಳಿಗೆ ಏನೂ ಆಗಲಿಲ್ಲ, ಯಾಕೆಂದರೆ ಈ ವಿಷ ಲಕ್ಷಣ ತೋರಿಸಲು ವಾರಗಳೇ ಬೇಕು. ಇನ್ನು ಕೆಲವರು ಗೋಧಿಯನ್ನು ತೊಳೆದರು. ಬಣ್ಣ ಹೋಯಿತು, ಪಾದರಸ ಉಳಿಯಿತು. 6,530 ಜನ ಆಸ್ಪತ್ರೆ ಸೇರಿದರು, ಆಸ್ಪತ್ರೆಗಳಲ್ಲೇ 459 ಜನ ಸತ್ತರು. ದಾಸ್ತಾನು ತಡವಾಗಿ ಬಂದದ್ದು, ಬಳಕೆಯ ಸೂಚನೆ ಊರ ಭಾಷೆಯಲ್ಲಿ ಇಲ್ಲದ್ದು, ಎರಡೂ ಸೇರಿ ಆದ ಅನಾಹುತ ಇದು. ಹಾಗಾಗಿ ನೋಟಿಸಿನಲ್ಲಿ ‘ತಿನ್ನಬೇಡಿ’ ಎಂದಷ್ಟೇ ಬರೆದರೆ ನನ್ನ ಪ್ರಕಾರ ಸಾಲದು. ‘ತೊಳೆದರೂ ವಿಷ ಹೋಗುವುದಿಲ್ಲ, ದನ-ಕೋಳಿಗೂ ಹಾಕಬೇಡಿ, ಖಾಲಿ ಚೀಲದಲ್ಲಿ ಕಾಳು ತುಂಬಬೇಡಿ’ ಅನ್ನುವುದೂ ಇರಬೇಕು.

ಗೊಬ್ಬರದ ಸಾಲಿನಲ್ಲಿ ಗಲಿಬಿಲಿ ಬೇರೆ ಥರದ್ದು. ಡಿಎಪಿ ಚೀಲದ ಮೇಲೆ 18-46-0 ಅಂತಿರುತ್ತದೆ. ನೂರು ಕಿಲೋದಲ್ಲಿ 18 ಕಿಲೋ ಸಾರಜನಕ, 46 ಕಿಲೋ ರಂಜಕ, ಪೊಟ್ಯಾಷ್ ಇಲ್ಲ ಎಂದು ಓದುತ್ತೇವೆ. ನಿಜವಾಗಿ ಅದರಲ್ಲಿರುವ ರಂಜಕ ಸುಮಾರು 20 ಕಿಲೋ ಮಾತ್ರ. ಇದು ಕಲಬೆರಕೆ ಅಲ್ಲ. ಹಿಂದಿನ ರಸಾಯನಶಾಸ್ತ್ರಜ್ಞರು ಗಿಡ ಸುಟ್ಟ ಬೂದಿಯನ್ನು ಪರೀಕ್ಷಿಸಿ, ಸಿಕ್ಕಿದ್ದನ್ನು ಆಕ್ಸೈಡ್ ಲೆಕ್ಕದಲ್ಲಿ, ಅಂದರೆ ರಂಜಕವನ್ನು P₂O₅ ಎಂದು ಬರೆಯುತ್ತಿದ್ದರು. ಆ ರೂಢಿ ಹಾಗೇ ಉಳಿದಿದೆ. ಶಿಫಾರಸು ಕೂಡ ಆಕ್ಸೈಡ್ ಲೆಕ್ಕದಲ್ಲೇ ಇದ್ದರೆ ತೊಂದರೆ ಇಲ್ಲ. ಒಂದು ಆ ಲೆಕ್ಕ, ಇನ್ನೊಂದು ಈ ಲೆಕ್ಕ ಆದರೆ ಗೊಬ್ಬರ ಎರಡು ಪಟ್ಟಿಗೂ ಮಿಕ್ಕಿ ಏರುಪೇರಾಗುತ್ತದೆ.

ಒಂದು ಎಕರೆಗೆ 40-23-15 ಎಂದು, ಚೀಲದಂತೆಯೇ ಆಕ್ಸೈಡ್ ಲೆಕ್ಕದಲ್ಲಿ, ಶಿಫಾರಸು ಬಂದಿದೆ ಎಂದುಕೊಳ್ಳಿ. 50 ಕಿಲೋ ಡಿಎಪಿ ಹಾಕಿದರೆ 23 ಕಿಲೋ ರಂಜಕ ಪೂರ್ತಿ ಬಂತು, ಜೊತೆಗೆ 9 ಕಿಲೋ ಸಾರಜನಕವೂ ಬಂತು. ಉಳಿದ 31 ಕಿಲೋ ಸಾರಜನಕಕ್ಕೆ ಸುಮಾರು 67 ಕಿಲೋ ಯೂರಿಯಾ ಸಾಕು. 15 ಕಿಲೋ ಪೊಟ್ಯಾಷ್‌ಗೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ 25 ಕಿಲೋ. ಹೆಚ್ಚಿನವರು ತಪ್ಪುವುದು ಆ 9 ಕಿಲೋದಲ್ಲಿ. ಅದನ್ನು ಕಳೆಯದೆ 87 ಕಿಲೋ ಯೂರಿಯಾ ಒಯ್ಯುತ್ತಾರೆ. ಡಿಎಪಿ ದಾಸ್ತಾನು ಮುಗಿದಿದ್ದರೆ ಮಾತ್ರ ಆ 87 ಸರಿ. ಆಗ ರಂಜಕಕ್ಕೆ ಸುಮಾರು 144 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್ ಬೇಕು. ಸಾಗಿಸುವ ಭಾರ ಜಾಸ್ತಿ, ಆದರೆ ಗಂಧಕ ಪುಕ್ಕಟೆ ಸಿಗುತ್ತದೆ. ‘ಡಿಎಪಿ ಇಲ್ಲ’ ಎಂದು ಬರೆದು ಬಿಡುವ ಬದಲು ಅಂಗಡಿಯವರು ಈ ಲೆಕ್ಕವನ್ನೇ ಕೆಳಗೆ ಬರೆದರೆ ಎಷ್ಟೋ ಅಲೆದಾಟ ತಪ್ಪುತ್ತದೆ. ಯೂರಿಯಾ ಮಾತ್ರ ಒಂದೇ ಸಲ ಬೀಜದ ಪಕ್ಕಕ್ಕೆ ಹಾಕಬೇಡಿ. ಅದರಿಂದ ಹೊರಡುವ ಅಮೋನಿಯಾ ಮೊಳಕೆಯನ್ನೇ ಸುಡುತ್ತದೆ.

ಉದ್ರಿಯ ಸಾಲಿಗೂ ಹಳೆಯ ಕಥೆಯಿದೆ. ಅಂತರ್ಯುದ್ಧ ಮುಗಿದ ಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳ ಅಂಗಡಿಗಳಲ್ಲಿ ಒಂದೇ ಸಾಮಾನಿಗೆ ಎರಡು ಬೆಲೆ ಇರುತ್ತಿತ್ತು, ನಗದಿಗೆ ಒಂದು, ಉದ್ರಿಗೆ ಒಂದು. ಸಾಲಕ್ಕೆ ಅಡವು ಮುಂದೆ ಬರುವ ಬೆಳೆ. ವ್ಯಾಪಾರಿ ಹತ್ತಿಯನ್ನೇ ಬೆಳೆಯಿರಿ ಎನ್ನುತ್ತಿದ್ದ, ಯಾಕೆಂದರೆ ಅದು ಖಂಡಿತ ಮಾರಾಟವಾಗುವ ಬೆಳೆ. ಹತ್ತಿ ಬೆಲೆ ಬಿದ್ದ ವರ್ಷ ಸಾಲ ತೀರದೆ ಮುಂದಿನ ವರ್ಷದ ಪುಸ್ತಕಕ್ಕೆ ಹೋಗುತ್ತಿತ್ತು. ಜರ್ಮನಿಯಲ್ಲಿ ರೈಫೈಸೆನ್ ಎಂಬವರು 1864ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ಕಟ್ಟಿದ ಸಾಲದ ಸಂಘ, ಇಂಥದ್ದೇ ಬಡ್ಡಿಯ ಹಿಡಿತದಿಂದ ರೈತರನ್ನು ಬಿಡಿಸಲು ಹುಟ್ಟಿದ್ದು.

ಎರಡು ಬೆಲೆಯ ಪದ್ಧತಿ ಇವತ್ತಿಗೂ ಹೋಗಿಲ್ಲ. ‘ಬಡ್ಡಿ ಇಲ್ಲ’ ಎಂದು ನೋಟಿಸಿನಲ್ಲಿದ್ದರೆ ನಗದು ಬೆಲೆ ಎಷ್ಟು ಎಂದು ಒಮ್ಮೆ ಕೇಳಿ. ನಗದಿಗೆ 100 ಇದ್ದದ್ದು ಉದ್ರಿಗೆ 110 ಆಗಿ, 4 ತಿಂಗಳಲ್ಲಿ ತೀರಿಸಬೇಕಿದ್ದರೆ ಅದು ವರ್ಷಕ್ಕೆ ನೂರಕ್ಕೆ 30ರ ಬಡ್ಡಿ. ಬೇಗ ತೀರಿಸಿದವರಿಗೆ ಆ 10ರಲ್ಲಿ ಏನೂ ಬಿಡುವುದಿಲ್ಲವೆಂದರೆ, ಎರಡೇ ತಿಂಗಳಿಗೆ ಹಣ ತಂದುಕೊಟ್ಟವರ ಲೆಕ್ಕ ನೂರಕ್ಕೆ 60 ಆಗುತ್ತದೆ. ‘ಬೆಳೆ ನಮ್ಮಲ್ಲೇ ಮಾರಬೇಕು’ ಎಂಬ ಸಾಲೂ ಇದ್ದರೆ, ಯಾವ ದಿನದ ಯಾವ ಮಾರುಕಟ್ಟೆ ದರಕ್ಕೆ ಎಂದು ಚೀಲ ಎತ್ತುವ ಮೊದಲೇ ಬರೆಸಿಕೊಳ್ಳಿ.