ಐದು ಲಕ್ಷ ಕೇಳುವ ಮೊದಲು ಮಾಳಿಗೆ ಹತ್ತಿ ನೋಡಿ

ಪ್ರತಿ ವರ್ಷ ಮಳೆಗಾಲದ ಆಸುಪಾಸಿನಲ್ಲಿ ನನ್ನ ಫೋನಿಗೆ ಇಂಥ ಮನವಿಗಳು ಬರುತ್ತವೆ. "ನಮ್ಮೂರ ಶಾಲೆಯ ಗ್ರಂಥಾಲಯ ಸೋರುತ್ತಿದೆ. ಪುಸ್ತಕಗಳು ಹಾಳಾಗುತ್ತಿವೆ. ಐದು ಲಕ್ಷ ಬೇಕು. ದಯವಿಟ್ಟು ಸಹಾಯ ಮಾಡಿ." ಕೆಳಗೆ ಒದ್ದೆ ಪುಸ್ತಕದ ಫೋಟೋ. ಅದರ ಕೆಳಗೆ ಯಾರದೋ ಸ್ವಂತ ಮೊಬೈಲ್ ನಂಬರು.

ಕಳಿಸುವವರ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ಬಹಳ ಸಲ ಅವರು ನಾನು ಬಲ್ಲ ಮೇಷ್ಟ್ರುಗಳೇ. ಆದರೆ ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ಇಪ್ಪತ್ತು ವರ್ಷದಿಂದ ಕಟ್ಟಡ ರಿಪೇರಿಯ ಅಂದಾಜು ಬರೆಯುತ್ತಿರುವ ನನಗೆ ಈ ಮನವಿ ಓದಿದಾಗ ಮೊದಲು ಏಳುವ ಪ್ರಶ್ನೆ ಒಂದೇ. ಯಾವ ಮಾಳಿಗೆ? ಆರ್‌ಸಿಸಿನಾ, ಮಂಗಳೂರು ಹೆಂಚಾ, ಕಲ್ಲು ಚಪ್ಪಡಿನಾ? ಎಷ್ಟು ಉದ್ದ, ಎಷ್ಟು ಅಗಲ? ನೀರು ಎಲ್ಲಿಂದ ಒಳಗೆ ಬರುತ್ತಿದೆ? ಇದ್ಯಾವುದೂ ಗೊತ್ತಿಲ್ಲದೆ ಐದು ಲಕ್ಷ ಎಂಬ ಲೆಕ್ಕ ಹೇಗೆ ಬಂತು?

ಕಳೆದ ಸಲ ಒಬ್ಬರು ಮುಖ್ಯೋಪಾಧ್ಯಾಯಿನಿ ಇಂಥದ್ದೇ ಮನವಿ ಕಳಿಸಿ, "ಸರ್, ಇದನ್ನ ನಿಮ್ಮ ಸ್ನೇಹಿತರಿಗೂ ಹಾಕ್ತೀರಾ?" ಎಂದು ಕೇಳಿದರು. "ಹಾಕ್ತೀನಿ ಮೇಡಂ, ಮೊದಲು ಒಂದು ಸಲ ಮಾಳಿಗೆ ನೋಡ್ತೀನಿ" ಎಂದೆ. ಮಧುಗಿರಿ ತಾಲ್ಲೂಕಿನ ಊರು ಅದು. ಹಳೆಯ ಶಾಲೆ. ಗ್ರಂಥಾಲಯದ ಕೋಣೆ ಒಳಗಡೆ 20 ಅಡಿಗೆ 15 ಅಡಿ. ಗೋಡೆಯ ದಪ್ಪ ಸೇರಿಸಿದರೆ ಮೇಲೆ 23ಕ್ಕೆ 18, ಅಂದರೆ 414 ಚದರ ಅಡಿ. ನಮ್ಮ ಕಡೆ ಮಾಮೂಲಾಗಿರುವ ಕಲ್ಲು ಚಪ್ಪಡಿ ಮಾಳಿಗೆ. ಮಧ್ಯದಲ್ಲಿ ಎರಡು ಕಲ್ಲುಕಂಬ, ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ತೊಲೆಯ ಎರಡೂ ಕಡೆ ಎಂಟಡಿಯ ಚಪ್ಪಡಿಗಳು, ಒಟ್ಟು 28.

ಐದು ಲಕ್ಷ ಎಲ್ಲಿಂದ ಬಂತು ಎಂದು ಕೇಳಿದೆ. ಒಬ್ಬ ಕಂಟ್ರಾಕ್ಟರ್ ಕೆಳಗೇ ನಿಂತು ತಲೆ ಎತ್ತಿ ನೋಡಿ, "ಕಲ್ಲೆಲ್ಲ ತೆಗೆದು ಆರ್‌ಸಿಸಿ ಹಾಕಬೇಕು" ಎಂದಿದ್ದನಂತೆ. ಏಣಿ ಹಾಕಿ ಮೇಲೆ ಹೋದವರು ಒಬ್ಬರೂ ಇಲ್ಲ.

ನಾನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ಮಾತು ಇಲ್ಲೇ ಇದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೀರು ತೊಟ್ಟಿಕ್ಕುವ ಜಾಗ ಬೇರೆ, ನೀರು ಒಳಗೆ ಇಳಿಯುವ ಜಾಗ ಬೇರೆ. ಕಲ್ಲು ಸೋರುವುದಿಲ್ಲ. ಸೋರುವುದು ಎರಡು ಕಲ್ಲುಗಳ ನಡುವಿನ ಸಂದು. ಚಪ್ಪಡಿಯ ಮೇಲೆ ಹಿಂದಿನವರು ಮಣ್ಣು ಹಾಕಿ, ಅದರ ಮೇಲೆ ಗಾರೆ ಎಳೆದಿರುತ್ತಾರೆ. ಗಾರೆ ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಮಣ್ಣಿಗೆ ಇಳಿಯುತ್ತದೆ. ಮಣ್ಣಿನ ಅಡಿಯಲ್ಲಿ, ಕಲ್ಲಿನ ಬೆನ್ನಿನ ಮೇಲೆ, ತಗ್ಗು ಇರುವ ಕಡೆ ಹರಿದುಕೊಂಡು ಹೋಗುತ್ತದೆ. ಎಲ್ಲಿ ಸಂದು ಬಾಯಿ ಬಿಟ್ಟಿದೆಯೋ ಅಲ್ಲಿ ಕೆಳಗೆ ಬೀಳುತ್ತದೆ. ಬಿರುಕು ಮೂಡಣ ಗೋಡೆಯ ಹತ್ತಿರ ಇದ್ದರೂ ಕೆಳಗೆ ಒದ್ದೆಯಾಗುವುದು ಪಡುವಣ ಬೀರು ಆಗಿರಬಹುದು. ಬೀರುವಿನ ನೇರಕ್ಕೆ ಮೇಲೆ ಸಿಮೆಂಟು ಮೆತ್ತಿದರೆ ಏನೂ ಆಗುವುದಿಲ್ಲ. ಮಣ್ಣು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಮಳೆ ನಿಂತು ಎರಡು ದಿನವಾದರೂ ತೊಟ್ಟಿಕ್ಕುತ್ತಿರುತ್ತದೆ. ಇಂಥ ಮಾಳಿಗೆಯ ಮೇಲೆ ವಾಟರ್‌ಪ್ರೂಫ್ ಬಣ್ಣ ಬಳಿದರೆ ಆ ಬಣ್ಣವೂ ಗಾರೆಯ ಜೊತೆಗೇ ಸೀಳುತ್ತದೆ. ದುಡ್ಡು ಕೊಟ್ಟವರು ಮುಂದಿನ ವರ್ಷ ಅದೇ ಒದ್ದೆ ಪುಸ್ತಕ ನೋಡುತ್ತಾರೆ, ಆಮೇಲೆ ಕೊಡುವುದಿಲ್ಲ.

ಮೇಲೆ ಹತ್ತಿದಾಗ ಕಂಡಿದ್ದು ಇದು. ನೀರು ಹೋಗಬೇಕಾದ ತೂತು ಎಲೆ, ಮಣ್ಣಿನಿಂದ ಕಟ್ಟಿಕೊಂಡಿತ್ತು. ಸೋರಿದಾಗಲೆಲ್ಲ ಯಾರೋ ಒಬ್ಬರು ಹಳೆಯದರ ಮೇಲೇ ಹೊಸ ಪದರ ಹಾಕಿದ್ದರಿಂದ ಮಣ್ಣು, ಗಾರೆ ಸೇರಿ ಆರು ಇಂಚು ದಪ್ಪವಾಗಿತ್ತು. 414 ಚದರ ಅಡಿಗೆ ಅರ್ಧ ಅಡಿ ಎಂದರೆ 207 ಘನ ಅಡಿ. ತೂಕ ಸುಮಾರು ಹತ್ತು ಟನ್. ನೆಂದಾಗ ಇನ್ನೂ ಜಾಸ್ತಿ. ಗೋಡೆಯ ಅಂಚಿನಲ್ಲಿ ಒಂದು ಅರಳಿ ಸಸಿಯೂ ಬೇರು ಬಿಟ್ಟಿತ್ತು.

ಜೊತೆಗೆ ಒಬ್ಬ ಹಳೇ ಕಲ್ಲುಕೆಲಸದ ತಾತನನ್ನು ಕರೆದುಕೊಂಡು ಹೋಗಿದ್ದೆ. ಅವರು ಕೋಣೆಯೊಳಗೆ ಮೇಜಿನ ಮೇಲೆ ನಿಂತು ಒಂದೊಂದೇ ಚಪ್ಪಡಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಒಳ್ಳೆಯ ಕಲ್ಲು ಗಂಟೆಯ ಹಾಗೆ ಟಣ್ ಎನ್ನುತ್ತದೆ. ಎರಡು ಕಲ್ಲು ಬದ್ ಎಂದವು. "ಇವೆರಡು ಹೋಗವೆ ಸ್ವಾಮಿ, ಇದರ ಕೆಳಗೆ ಮಕ್ಕಳು ಬ್ಯಾಡ" ಎಂದರು. ಸುಣ್ಣ ಕೆರೆದು ನೋಡಿದರೆ ಎರಡರಲ್ಲೂ ನಡುಮಧ್ಯೆ ಅಡ್ಡಕ್ಕೆ ಕೂದಲೆಳೆಯಷ್ಟು ಸೀಳು. ಕಲ್ಲು ಒತ್ತುವ ಭಾರವನ್ನು ಚೆನ್ನಾಗಿ ಹೊರುತ್ತದೆ, ಬಾಗುವುದನ್ನು ತಾಳುವುದಿಲ್ಲ. ಆರ್‌ಸಿಸಿ ಆದರೆ ಒಳಗೆ ಕಂಬಿ ಇರುತ್ತದೆ, ಬೀಳುವ ಮೊದಲು ಸಾಮಾನ್ಯವಾಗಿ ಬಾಗಿ, ಉದುರಿ ಸುಳಿವು ಕೊಡುತ್ತದೆ. ಕಲ್ಲು ಸುಳಿವು ಕೊಡದೆ ಒಂದೇ ಸಲಕ್ಕೆ ಮುರಿಯುತ್ತದೆ. ಒಂದು ಚಪ್ಪಡಿಯ ತೂಕ ಸುಮಾರು 260 ಕೆಜಿ. ಹೀಗಾಗಿ ಅವತ್ತೇ ಆ ಎರಡು ಕಲ್ಲುಗಳಿಗೆ ಮರದ ಆಸರೆ ಕೊಡಿಸಿ, ಕೋಣೆಗೆ ಬೀಗ ಹಾಕಿಸಿದೆ. ಮನವಿ, ದುಡ್ಡು ಎಲ್ಲ ಆಮೇಲೆ.

ಉಳಿದ 26 ಕಲ್ಲು ಗಟ್ಟಿಯಾಗಿಯೇ ಕಂಡವು. ಅವನ್ನು ತೆಗೆದು ಆರ್‌ಸಿಸಿ ಹಾಕುವ ಅಗತ್ಯವೇ ಇರಲಿಲ್ಲ. ಬೇಕಾಗಿದ್ದ ಕೆಲಸ ಇಷ್ಟು. ಹಳೆಯ ಪದರ ಪೂರ್ತಿ ತೆಗೆಯುವುದು. ಸೀಳಿದ ಎರಡು ಚಪ್ಪಡಿ ಬದಲಾಯಿಸುವುದು. ಸುಮಾರು 230 ಅಡಿ ಉದ್ದದ ಸಂದುಗಳನ್ನು ಕೆದಕಿ, ತೊಳೆದು, ಗಾರೆ ತುಂಬುವುದು. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣದ ಗಾರೆಯನ್ನು ನಡುವಿನಿಂದ ಎರಡೂ ಕಡೆಗೆ ಇಳಿಜಾರಾಗಿ ಹಾಕುವುದು. 60 ಅಡಿಗೆ ಒಂದು ಅಡಿ ಇಳಿಯುವಷ್ಟು ವಾಟ ಸಾಕು. ನಡುವೆ 3.3 ಇಂಚು, ಅಂಚಿನಲ್ಲಿ ಒಂದೂವರೆ ಇಂಚು. ಸರಾಸರಿ 2.4 ಇಂಚು ಎಂದರೆ 83 ಘನ ಅಡಿ ಗಾರೆ. ಹತ್ತು ಟನ್ ಇಳಿಸಿ ನಾಲ್ಕೂವರೆ ಟನ್ ಮಾತ್ರ ಹೇರಿದ ಹಾಗಾಯಿತು. ಕೊನೆಗೆ ನಾಲ್ಕು ಕಡೆ ನಾಲ್ಕು ಇಂಚಿನ ಪೈಪು.

ಸ್ಥಳೀಯ ಮೇಸ್ತ್ರಿಗಳಿಂದ ಮೂರು ಕೊಟೇಶನ್ ತರಿಸಿದೆವು. ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಸಭೆಯಲ್ಲಿ ನಡಾವಳಿ ಬರೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಪತ್ರ ಕೊಟ್ಟು ಒಪ್ಪಿಗೆ ಪಡೆದರು. ಸರ್ಕಾರಿ ಕಟ್ಟಡ ಅದು, ಊರಿನವರ ದುಡ್ಡೇ ಆದರೂ ಹೇಳದೆ ಕೇಳದೆ ಮುಟ್ಟಬಾರದು. ಆಮೇಲೆ ಮೇಡಂ ಮತ್ತು ನಾನು ಕೂತು ಮನವಿಯನ್ನು ಹೊಸದಾಗಿ ಬರೆದೆವು. ಹೀಗಿತ್ತು:

"ನಮ್ಮ ಶಾಲೆಯ ಗ್ರಂಥಾಲಯದ ಮಾಳಿಗೆ ಕಲ್ಲು ಚಪ್ಪಡಿಯದು, 414 ಚದರ ಅಡಿ. 28 ಚಪ್ಪಡಿಗಳಲ್ಲಿ ಎರಡು ಸೀಳಿವೆ, ಉಳಿದವು ಗಟ್ಟಿಯಾಗಿವೆ. ಸಂದುಗಳಿಂದ ನೀರು ಇಳಿಯುತ್ತಿದೆ. ಈಗ ಕೋಣೆಗೆ ಬೀಗ ಹಾಕಿದ್ದೇವೆ, ಪುಸ್ತಕಗಳು ಆರನೇ ತರಗತಿಯ ಕೋಣೆಯಲ್ಲಿವೆ. ಖರ್ಚು ಹೀಗಿದೆ. ಹಳೆಯ ಮಣ್ಣು ತೆಗೆದು ಸಾಗಿಸಲು 10,000. ಸಂದು ತುಂಬಲು 10,000. ವಾಟ ಕೊಟ್ಟು ಹೊಸ ಗಾರೆ ಹಾಕಲು 31,000. ಎರಡು ಚಪ್ಪಡಿಗೆ 11,000. ಪೈಪು ಮತ್ತು ಒಳಗಿನ ಸುಣ್ಣಕ್ಕೆ 8,000. ಒಟ್ಟು 70,000. ಮಣ್ಣು ತೆಗೆದ ಮೇಲೆ ಏನಾದರೂ ಹೊಸದು ಕಂಡರೆ ಎಂದು 3,500 ಸೇರಿಸಿದ್ದೇವೆ. ಹಳೆಯ ವಿದ್ಯಾರ್ಥಿಗಳು 18,500 ಕೊಟ್ಟಿದ್ದಾರೆ. ಇನ್ನು ಬೇಕಾಗಿರುವುದು 55,000. ಅಷ್ಟು ಬಂದ ದಿನ ಇಲ್ಲೇ ತಿಳಿಸಿ ಸ್ವೀಕರಿಸುವುದನ್ನು ನಿಲ್ಲಿಸುತ್ತೇವೆ. ದುಡ್ಡು ಎಸ್‌ಡಿಎಂಸಿ ಜಂಟಿ ಖಾತೆಗೆ ಮಾತ್ರ. ಪ್ರತಿಯೊಬ್ಬರಿಗೂ ಶಾಲೆಯ ರಸೀದಿ ಕೊಡುತ್ತೇವೆ, ಆದರೆ 80ಜಿ ತೆರಿಗೆ ವಿನಾಯಿತಿ ರಸೀದಿ ಕೊಡಲು ನಮ್ಮಿಂದ ಆಗುವುದಿಲ್ಲ. ಈ ಕೆಲಸದಲ್ಲಿ ಹೊಸ ಪುಸ್ತಕ, ಬೀರು, ಕಂಪ್ಯೂಟರ್ ಸೇರಿಲ್ಲ."

ಕೊನೆಯ ಎರಡು ವಾಕ್ಯಗಳಿಗೆ ಮೇಡಂ ಹಿಂಜರಿದರು. "ಇಲ್ಲ ಅನ್ನೋದನ್ನೆಲ್ಲ ಯಾಕೆ ಬರೆಯೋದು ಸರ್, ಕೊಡೋರೂ ಕೊಡಲ್ಲ" ಎಂದರು. ಆ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಬೆಂಗಳೂರಿನಿಂದ ಹತ್ತು ಸಾವಿರ ಕಳಿಸಿದವರು ಆಮೇಲೆ 80ಜಿ ಕೇಳಿ, ನೀವು ಇಲ್ಲ ಎಂದರೆ, ಅವರಿಗೆ ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತದೆ. ಮಕ್ಕಳ ಮುಖದ ಫೋಟೋ ಹಾಕುವುದನ್ನೂ ಬೇಡವೆಂದೆ. ಬದಲಿಗೆ ಸೀಳಿನ ಪಕ್ಕ ಅಳತೆ ಟೇಪು ಹಿಡಿದ ಫೋಟೋ, ಕಟ್ಟಿಕೊಂಡ ತೂತಿನ ಫೋಟೋ, ಕೊಟೇಶನ್‌ನ ಫೋಟೋ ಹಾಕಿದರು.

55,000 ಹದಿನೇಳು ದಿನದಲ್ಲಿ ಬಂತು. ಕೆಲಸವನ್ನು ಮಾರ್ಚ್‌ನಲ್ಲಿ ಶುರು ಮಾಡಿಸಿದೆ. ನಮ್ಮ ಕಡೆ ಮೇ ತಿಂಗಳಲ್ಲೇ ಗುಡುಗು ಮಳೆ ಬರುತ್ತದೆ, ಸುಣ್ಣದ ಗಾರೆಗೆ ಹತ್ತು ದಿನವಾದರೂ ನೀರು ಹಿಡಿಸಬೇಕು. ಮಣ್ಣು ತೆಗೆದಾಗ ಅರಳಿ ಬೇರಿನ ಹತ್ತಿರ ಮೂರನೆಯ ಚಪ್ಪಡಿಯೂ ಸೀಳಿರುವುದು ಕಂಡಿತು. ಮೂಲೆಯಲ್ಲಿ ಬೀರು ಅಡ್ಡ ಇದ್ದದ್ದರಿಂದ ತಾತನ ಸುತ್ತಿಗೆ ಅಲ್ಲಿಗೆ ಸರಿಯಾಗಿ ತಲುಪಿರಲಿಲ್ಲ. ಬೀರು ಸರಿಸಿ ನೋಡಬೇಕಿತ್ತು, ಆ ತಪ್ಪು ನನ್ನದು. ಅದಕ್ಕೆ 5,500 ಬೇಕಾಯಿತು. ಎತ್ತಿಟ್ಟಿದ್ದ 3,500 ಹೋಗಿ ಇನ್ನೂ 2,000 ಕಮ್ಮಿ ಬಿತ್ತು. ಸುಣ್ಣ ಬಳಿಯುವುದನ್ನು ಊರಿನ ಹುಡುಗರೇ ಮಾಡಿದ್ದರಿಂದ ಆ ಕೂಲಿಯಲ್ಲಿ 2,000 ಉಳಿಯಿತು, ಲೆಕ್ಕ ಸರಿಹೋಯಿತು. ಇದನ್ನೂ ಮೇಡಂ ಮೂರನೇ ಕಲ್ಲಿನ ಫೋಟೋ ಸಮೇತ ಎಲ್ಲರಿಗೂ ಬರೆದು ತಿಳಿಸಿದರು. ಒಬ್ಬರೂ ತಕರಾರು ಮಾಡಲಿಲ್ಲ. ಗಾರೆ ಒಣಗಿದ ಮೇಲೆ ಪೈಪುಗಳಿಗೆ ಬಟ್ಟೆ ತುರುಕಿ ಎರಡು ದಿನ ನೀರು ನಿಲ್ಲಿಸಿದೆವು. ಕೆಳಗೆ ಒಂದು ಕಡೆ ಮಾತ್ರ ತೇವ ಕಂಡಿತು. ಆ ಸಂದನ್ನು ಮತ್ತೆ ಕೆದಕಿ ತುಂಬಿಸಿ, ಇನ್ನೊಮ್ಮೆ ನೀರು ನಿಲ್ಲಿಸಿ ನೋಡಿದ ಮೇಲೇ ಕೊನೆಯ ಕಂತು ಕೊಡಿಸಿದೆ.

ಈಗ ಪಕ್ಕದ ಊರಿನ ಶಾಲೆಯವರು ಅದೇ ಮನವಿಯನ್ನು ಹೆಸರು ಬದಲಾಯಿಸಿ ಕಳಿಸಿದ್ದಾರೆ. ಅದೇ 55,000. ಅವರದು ಆರ್‌ಸಿಸಿ ಮಾಳಿಗೆ. ಹೋಗಿ ನೋಡಿದೆ. ಅಡಿಯಲ್ಲಿ ಕಾಂಕ್ರೀಟು ಉದುರಿ ಕಂಬಿ ಕಾಣುತ್ತಿದೆ, ತುಕ್ಕು ಹಿಡಿದ ಕಂಬಿ ಊದಿಕೊಂಡು ಸುತ್ತಲಿನದ್ದನ್ನೂ ಸೀಳುತ್ತಿದೆ. ಸುತ್ತಿಗೆಯಲ್ಲಿ ತಟ್ಟಿದರೆ ಅರ್ಧ ಮಾಳಿಗೆ ಟೊಳ್ಳು ಶಬ್ದ ಕೊಡುತ್ತದೆ. ಅದು ರಿಪೇರಿಗೆ ಬರುತ್ತದೋ, ಕೆಡವಬೇಕೋ ಎಂಬುದನ್ನು ಕಂಬಿ ಎಷ್ಟು ಸವೆದಿದೆ ಎಂದು ಅಳೆಯದೆ ನಾನು ಹೇಳಲಾರೆ. ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದಿಂದ ಪರೀಕ್ಷೆ ಮಾಡಿಸಿ ಎಂದು ಪತ್ರ ಬರೆಸಿದ್ದೇನೆ. ಪುಸ್ತಕಗಳನ್ನೂ ಮಕ್ಕಳನ್ನೂ ಆ ಕೋಣೆಯಿಂದ ಆಚೆ ಕಳಿಸಿದ್ದಾರೆ. ಮನವಿಯಲ್ಲಿ ಮೊತ್ತದ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ.