ಮೂರು ಜನ, ಆದರೆ ಆರು ಪಾಲು

ಹೋದ ತಿಂಗಳು ನನ್ನ ಕಚೇರಿಗೆ ಒಂದೇ ಮನೆಯ ಮೂವರು ಬಂದಿದ್ದರು: ತೀರಿಕೊಂಡ ಯಜಮಾನರ ಮಗಳು, ಸೊಸೆ, ಇಪ್ಪತ್ತೆರಡರ ಮೊಮ್ಮಗ. ಸೈಟು ಮಾರಾಟವಾಗಿತ್ತು. "ಮೂರು ಜನ ಇದ್ದೀವಿ ಸಾರ್, ಮೂರು ಸಮಪಾಲು ಮಾಡಿಬಿಡಿ" ಅಂದರು ಸೊಸೆ. ನಾನು ಮೊದಲು ಕೇಳಿದ್ದು ಮರಣ ಪ್ರಮಾಣಪತ್ರಗಳನ್ನು. ಇಂಥ ಲೆಕ್ಕದಲ್ಲಿ ಯಾರು ಉಳಿದಿದ್ದಾರೆ ಅನ್ನುವುದಕ್ಕಿಂತ ಯಾರು ಯಾವಾಗ ಹೋದರು ಅನ್ನುವುದು ಮುಖ್ಯ.

ಮಗ 2015ರಲ್ಲಿ ಹೋದ, ತಂದೆ 2018ರಲ್ಲಿ, ತಾಯಿ 2021ರಲ್ಲಿ. ಸೈಟು ತಂದೆಯ ಸ್ವಯಾರ್ಜಿತ, ಯಾರೂ ಉಯಿಲು ಬರೆದಿರಲಿಲ್ಲ. ಪಿತ್ರಾರ್ಜಿತ ಆಗಿದ್ದರೆ ಲೆಕ್ಕವೇ ಬೇರೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಂದೆ ತೀರಿದ ದಿನ ಮೂರು ಪಾಲಾಯಿತು: ತಾಯಿಗೆ ಒಂದು, ಮಗಳಿಗೆ ಒಂದು, ಮೊದಲೇ ಹೋಗಿದ್ದ ಮಗನ ಕವಲಿಗೆ ಒಂದು. ಆ ಕವಲಿನ ಮೂರನೇ ಒಂದನ್ನು ಸೊಸೆ, ಮೊಮ್ಮಗ ಅರ್ಧರ್ಧ ಹಂಚಿಕೊಂಡರು. ಅಂದರೆ ಇಬ್ಬರಿಗೂ ಆರನೇ ಒಂದು.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ತಾಯಿಯ ಮೂರನೇ ಒಂದು ಮಗಳಿಗೆ ಅರ್ಧ, ಸತ್ತ ಮಗನ ಮಗನಿಗೆ ಅರ್ಧ. ಹೆಣ್ಣಿನ ಆಸ್ತಿಗೆ ಮಕ್ಕಳು ಇಲ್ಲವೇ ಮೊಮ್ಮಕ್ಕಳು ಇರುವಾಗ ಸೊಸೆ ವಾರಸುದಾರಳಲ್ಲ. ಮಾವನ ಪಾಲು ಸಿಕ್ಕವಳಿಗೆ ಅತ್ತೆಯದು ಸಿಗದು; ವಿಚಿತ್ರ ಅನ್ನಿಸಿದರೂ ಕಾನೂನು ಇರುವುದು ಹಾಗೆ. ಆರರಲ್ಲಿ ಎಣಿಸಿದರೆ ಮಗಳಿಗೆ 2 ಮತ್ತು 1, ಒಟ್ಟು 3. ಮೊಮ್ಮಗನಿಗೆ 1 ಮತ್ತು 1, ಒಟ್ಟು 2. ಸೊಸೆಗೆ 1. ಕೂಡಿದರೆ 6, ಸರಿಹೋಯಿತು.

ಇನ್ನು ಹಣ. ಮಾರಿದ ಬೆಲೆ 55,20,000 ರೂಪಾಯಿ. ಇದರಲ್ಲಿ ಮುಂಗಡದ 5,00,000 ಸೊಸೆಯ ಕೈಸೇರಿತ್ತು, ಬ್ಯಾಂಕಿನಲ್ಲಿದ್ದದ್ದು 50,20,000. ಬಾಕಿ ಕಂದಾಯ, ಖಾತೆ, ದಲ್ಲಾಳಿ ಅಂತ 1,20,000 ರೂಪಾಯಿಯನ್ನು ಮಗಳು ತನ್ನ ಕೈಯಿಂದ ಕೊಟ್ಟಿದ್ದಳು. "ಉಳಿದವರು ತಲಾ 40,000 ಕೊಡಲಿ" ಅನ್ನುವುದು ಅವಳ ವಾದ. ಅದು ತಪ್ಪು. ಪಾಲು ಹೇಗೋ ಖರ್ಚೂ ಹಾಗೆಯೇ: ಅವಳ ಮೇಲೆ 60,000, ಮೊಮ್ಮಗನ ಮೇಲೆ 40,000, ಸೊಸೆಯ ಮೇಲೆ ಬರೀ 20,000.

ಇದನ್ನು ಬಿಡಿಬಿಡಿಯಾಗಿ ಕಳೆಯುತ್ತ ಕೂತರೆ ಗೋಜಲಾಗುತ್ತದೆ. ಅದಕ್ಕೇ ನಾನು ಪೂರ್ತಿ ಬೆಲೆಯಿಂದ ಪೂರ್ತಿ ಖರ್ಚನ್ನು ಮೊದಲೇ ಕಳೆದೆ: 54,00,000. ಆರನೇ ಒಂದು 9,00,000. ಹಾಗಾಗಿ ಮಗಳಿಗೆ 27, ಮೊಮ್ಮಗನಿಗೆ 18, ಸೊಸೆಗೆ 9 ಲಕ್ಷ. ಆಮೇಲೆ ಮಗಳಿಗೆ ಅವಳ ಖರ್ಚನ್ನು ಸೇರಿಸಿ 28,20,000, ಸೊಸೆಗೆ ಮುಂಗಡ ಕಳೆದು 4,00,000, ಮೊಮ್ಮಗನಿಗೆ 18,00,000. ಮೂರನ್ನೂ ಕೂಡಿದೆ: 50,20,000. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇದ್ದದ್ದೂ ಅಷ್ಟೇ.

ಸೊಸೆಯ ಮುಖ ಸಣ್ಣದಾಯಿತು. "ನಂದರಲ್ಲಿ ಅಮ್ಮನಿಗೆ ಕೊಡ್ತೀನಿ, ಅವರ ಹೆಸರಿಗೇ ಜಾಸ್ತಿ ಹಾಕಿಬಿಡಿ ಸಾರ್" ಅಂದ ಹುಡುಗ. ಕೊಡು, ಆದರೆ ಮೊದಲು ನಿನ್ನ 18 ಲಕ್ಷ ನಿನ್ನ ಖಾತೆಗೇ ಬರಲಿ, ಅಲ್ಲಿಂದ ಕೊಡು ಅಂದೆ.